ಎರಡು ಗಂಟು ಬಿಚ್ಚಬೇಕು

ಸಂಕ್ರಾಂತಿಗೆ ಮೈಸೂರಿನ ಅಕ್ಕನ ಮನೆಗೆ ಹೋಗಿದ್ದೆ. ಎಳ್ಳು ಬೀರಿ ಬಂದ ಮೇಲೆ ಅಕ್ಕ ಅಡುಗೆಮನೆಯ ಗೋಡೆಯ ಮೇಲಿದ್ದ ವಾಟರ್ ಪ್ಯೂರಿಫೈಯರ್ ತೋರಿಸಿ, "ಇದಕ್ಕೆ ವರ್ಷಾವರ್ಷ ದುಡ್ಡು ಕಟ್ಟೋದು ಸಾಕಾಗಿದೆ ಕಣೋ. ಈ ಸಲ ಎಎಂಸಿ ಬೇಡ ಅಂತ ಹೇಳಿಬಿಡು" ಅಂದಳು. ಒಂದು ಫೋನ್ ಮಾಡಿದರೆ ಮುಗಿಯುವ ಕೆಲಸ ಎಂಬ ಧಾಟಿ ಅವಳದು. ನಾನು ಬಿಲ್ ತೆಗೆಸಿ ನೋಡಿದೆ. ಹಿಂದಿನ ವರ್ಷ ಮಾರ್ಚ್ 12ಕ್ಕೆ ಶುರುವಾದ ಒಪ್ಪಂದ, ಈ ವರ್ಷ ಮಾರ್ಚ್ 11ಕ್ಕೆ ಮುಗಿಯುತ್ತದೆ. ಮೊತ್ತ 4,000 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ 720, ಒಟ್ಟು 4,720. ಮೂರು ಸಲ ಸರ್ವಿಸ್, ಒಂದು ಸಲ ಫಿಲ್ಟರ್ ಸೆಟ್ ಬದಲಾವಣೆ, ಮೆಂಬ್ರೇನ್ ಇದರಲ್ಲಿ ಸೇರಿಲ್ಲ. ಇಷ್ಟು ಮೊದಲ ಪುಟದಲ್ಲಿತ್ತು. ನಮಗೆ ಬೇಕಾಗಿದ್ದ ಮಾತು ಕೊನೆಯ ಪುಟದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿತ್ತು: ಅವಧಿ ಮುಗಿಯುವ 30 ದಿನ ಮೊದಲು ಗ್ರಾಹಕರು ಲಿಖಿತವಾಗಿ ಬೇಡವೆಂದು ತಿಳಿಸದಿದ್ದರೆ, ಆಗ ಚಾಲ್ತಿಯಲ್ಲಿರುವ ದರದಲ್ಲಿ ಒಪ್ಪಂದ ಇನ್ನೊಂದು ವರ್ಷಕ್ಕೆ ತಾನಾಗಿ ಮುಂದುವರಿಯುತ್ತದೆ.

"ಮುಂದುವರಿದರೆ ದುಡ್ಡು ನಾನು ಕೊಟ್ಟರೆ ತಾನೇ?" ಎಂದಳು ಅಕ್ಕ. ನಾನು ಅವಳ ಫೋನ್ ಇಸಿದುಕೊಂಡು ಯುಪಿಐ ಆ್ಯಪ್‌ನಲ್ಲಿ AutoPay ಎಂಬ ಜಾಗಕ್ಕೆ ಹೋದೆ. ಅಲ್ಲಿ ಆ ಕಂಪನಿಯ ಹೆಸರು ಕುಳಿತಿತ್ತು. ಹಿಂದಿನ ವರ್ಷ ಟೆಕ್ನಿಷಿಯನ್ ಬಾಗಿಲಲ್ಲಿ ನಿಂತು, "ಇಲ್ಲೊಂದು ಪಿನ್ ಹಾಕಿಬಿಡಿ ಮೇಡಂ" ಎಂದಾಗ ಅವಳು ಹಾಕಿದ ಪಿನ್ ಆ ವರ್ಷದ ಹಣಕ್ಕೆ ಮಾತ್ರ ಆಗಿರಲಿಲ್ಲ. ಮುಂದೆಯೂ ಖಾತೆಯಿಂದ ಹಣ ತೆಗೆದುಕೊಳ್ಳಲು ಅವಳು ಕೊಟ್ಟ ಅಪ್ಪಣೆಯೂ ಆಗಿತ್ತು. ಮಿತಿ 15,000 ರೂಪಾಯಿವರೆಗೆ. ಎಷ್ಟು ದಿನಕ್ಕೊಮ್ಮೆ ಎಂಬಲ್ಲಿ As presented, ಅಂದರೆ ಕಂಪನಿ ಕೇಳಿದಾಗ. ಮುಗಿಯುವ ದಿನ 2049ನೇ ಇಸವಿಯಲ್ಲಿ.

ಎಎಂಸಿ ಬಿಡಿಸಿಕೊಳ್ಳುವಾಗ ಜನ ಎಡವುವುದು ಇಲ್ಲೇ. ಇಲ್ಲಿರುವುದು ಒಂದು ಗಂಟಲ್ಲ, ಎರಡು. ಒಂದು, ನಿಮಗೂ ಕಂಪನಿಗೂ ನಡುವಿನ ಒಪ್ಪಂದ. ಇನ್ನೊಂದು, ನಿಮಗೂ ನಿಮ್ಮ ಬ್ಯಾಂಕಿಗೂ ನಡುವೆ ಕಂಪನಿಯ ಪರವಾಗಿ ಬಿದ್ದಿರುವ ಹಣದ ಅಪ್ಪಣೆ. ಬ್ಯಾಂಕಿನವರ ಮಾತಲ್ಲಿ ಮ್ಯಾಂಡೇಟ್. ಒಂದನ್ನು ಬಿಚ್ಚಿದರೆ ಇನ್ನೊಂದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಒಪ್ಪಂದ ಮಾತ್ರ ಬೇಡವೆಂದು ಮ್ಯಾಂಡೇಟ್ ಬಿಟ್ಟರೆ, ಕಂಪನಿಯ ಕಂಪ್ಯೂಟರ್ ನಿಗದಿತ ದಿನ ಹಣ ಕೇಳುತ್ತದೆ, ಬ್ಯಾಂಕ್ ಕೊಡುತ್ತದೆ. ಮ್ಯಾಂಡೇಟ್ ಮಾತ್ರ ತೆಗೆದು ಕಂಪನಿಗೆ ಏನೂ ತಿಳಿಸದಿದ್ದರೆ, ಅವರ ಲೆಕ್ಕದಲ್ಲಿ ಒಪ್ಪಂದ ಮುಂದುವರಿದಿರುತ್ತದೆ, ನೀವು ಬಾಕಿದಾರರಾಗಿರುತ್ತೀರಿ, ಬಾಕಿ ಕಟ್ಟಿ ಎಂಬ ಫೋನುಗಳು ಶುರುವಾಗುತ್ತವೆ.

ದಿನಗಳ ಲೆಕ್ಕವನ್ನೂ ಗಮನಿಸಬೇಕು. ಮಾರ್ಚ್ 11ರಿಂದ 30 ದಿನ ಹಿಂದಕ್ಕೆ ಎಣಿಸಿದರೆ ಫೆಬ್ರುವರಿ 9. ಅಷ್ಟರೊಳಗೆ ನಮ್ಮ ಪತ್ರ ಅವರಿಗೆ ಮುಟ್ಟಿರಬೇಕು. ಆದರೆ ಹಣ ಕಡಿತದ ಬಗ್ಗೆ ಬ್ಯಾಂಕಿನಿಂದ ಬರುವ ಮುನ್ಸೂಚನೆ ಅಷ್ಟು ಬೇಗ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಹೀಗೆ ತಾನಾಗಿ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಬರಬೇಕು. ಕಾರ್ಡುಗಳ ಮಟ್ಟಿಗೆ ಇದು 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಗೆ ಬಂತು. ಒಳ್ಳೆಯ ನಿಯಮ, ಎಷ್ಟೋ ಜನರ ಹಣ ಉಳಿಸಿದೆ. ಆದರೆ ಬ್ಯಾಂಕಿನ ಸಂದೇಶ ಬರಲಿ, ಆಮೇಲೆ ನೋಡೋಣ ಎಂದು ಕೂತವರಿಗೆ, ಅದು ಬರುವ ಹೊತ್ತಿಗೆ ಕಂಪನಿಯ 30 ದಿನದ ಗಡುವು ದಾಟಿಹೋಗಿರುತ್ತದೆ. ಹಾಗಾಗಿ ದಿನ ಎಣಿಸಬೇಕಾದ್ದು ಬ್ಯಾಂಕಿನ ಸಂದೇಶದಿಂದಲ್ಲ, ಒಪ್ಪಂದದ ಕೊನೆಯ ದಿನದಿಂದ. ಆ ಕೊನೆಯ ದಿನವನ್ನೂ ಬಿಲ್ ನೋಡಿಯೇ ತಿಳಿಯಬೇಕು. ಅಕ್ಕನ ನೆನಪಲ್ಲಿದ್ದದ್ದು ಟೆಕ್ನಿಷಿಯನ್ ಬಂದು ಫಿಲ್ಟರ್ ಬದಲಿಸಿದ ದಿನ, ಅಂದರೆ ಮಾರ್ಚ್ ಕೊನೆಯ ವಾರ. ಒಪ್ಪಂದ ಎಣಿಕೆಗೆ ಬಂದದ್ದು ಹಣ ಕಟ್ಟಿದ ದಿನದಿಂದ.

ಎಎಂಸಿ ಬಿಡುವುದು ಸರಿಯೇ ಎಂಬ ಪ್ರಶ್ನೆಗೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಅಕ್ಕನ ಬೀದಿಗೆ ನಗರಪಾಲಿಕೆಯ ನದಿ ನೀರು ಬರುತ್ತದೆ. ನನ್ನ ಬಳಿಯಿದ್ದ ಟಿಡಿಎಸ್ ಮೀಟರ್ ನಲ್ಲಿಯ ನೀರಿನಲ್ಲಿ 180ರ ಆಸುಪಾಸು ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಉಪ್ಪಿನಂಶ ಇಷ್ಟು ಕಡಿಮೆ ಇರುವಾಗ ಆರ್‌ಒ ಯಂತ್ರಕ್ಕೆ ಅಲ್ಲಿ ದೊಡ್ಡ ಕೆಲಸವಿಲ್ಲ. ಆ ಮೀಟರ್ ನೀರಲ್ಲಿ ಕರಗಿದ್ದನ್ನು ಅಳೆಯುತ್ತದೆಯೇ ಹೊರತು ರೋಗಾಣು ಇದೆಯೇ ಇಲ್ಲವೇ ಎಂದು ಹೇಳುವುದಿಲ್ಲ, ಆದ್ದರಿಂದ ಯುವಿ ಅಥವಾ ಕಾಯಿಸುವುದು ಬೇಕೇ ಬೇಕು. ಬೋರ್‌ವೆಲ್ ನೀರಿನ ಮನೆಯ ಲೆಕ್ಕ ಬೇರೆ. ಅಲ್ಲಿ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ, ಮೆಂಬ್ರೇನ್ ಸೇರಿದ ಎಎಂಸಿಗೆ ಅರ್ಥವಿರುತ್ತದೆ. ಬಿಟ್ಟವರಿಗೆ ಒಂದು ನಷ್ಟವೂ ಇದೆ, ಅದನ್ನು ತಿಳಿದೇ ಬಿಡಬೇಕು: ನಡುವೆ ಖಂಡವಾದ ಮೇಲೆ ಮತ್ತೆ ಎಎಂಸಿಗೆ ಸೇರಲು ಹೋದರೆ ಕಂಪನಿಗಳು ಸಾಮಾನ್ಯವಾಗಿ ಯಂತ್ರ ತಪಾಸಣೆ ಮಾಡಿ, ಕೆಟ್ಟಿದ್ದನ್ನು ನಮ್ಮ ಖರ್ಚಲ್ಲಿ ಸರಿಮಾಡಿಸಿದ ಮೇಲೆಯೇ ಸೇರಿಸಿಕೊಳ್ಳುತ್ತವೆ. ಇದೆಲ್ಲ ಹೇಳಿದ ಮೇಲೂ ಅಕ್ಕ ಬೇಡವೆಂದೇ ಅಂದಳು.

ಜನವರಿ 16ರಂದು ಇಮೇಲ್ ಕಳಿಸಿದೆವು. ಅಕ್ಕನ ಹೆಸರಿನ, ಕಂಪನಿಯಲ್ಲಿ ನೋಂದಾಯಿಸಿದ್ದ ವಿಳಾಸದಿಂದಲೇ ಕಳಿಸಿದೆ. ಬೇರೆ ವಿಳಾಸದಿಂದ ಹೋದರೆ ಇದು ಗ್ರಾಹಕರ ಕೋರಿಕೆಯಲ್ಲ ಎಂದು ತಳ್ಳಿಹಾಕಲು ಅವಕಾಶ ಸಿಗುತ್ತದೆ. ಪತ್ರದಲ್ಲಿ ಹೆಚ್ಚು ಮಾತು ಬೇಕಿಲ್ಲ. ನಾವು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ನನ್ನ ಎಎಂಸಿ ಒಪ್ಪಂದದ ಸಂಖ್ಯೆ ಇಷ್ಟು, ಯಂತ್ರದ ಸೀರಿಯಲ್ ಸಂಖ್ಯೆ ಇಷ್ಟು, ನೋಂದಾಯಿತ ಮೊಬೈಲ್ ಇದು. ಈ ಒಪ್ಪಂದ ಮಾರ್ಚ್ 11ಕ್ಕೆ ಮುಗಿಯುತ್ತದೆ. ಇದನ್ನು ನವೀಕರಿಸಲು ನನ್ನ ಒಪ್ಪಿಗೆ ಇಲ್ಲ. ನಿಮ್ಮ ಷರತ್ತಿನಂತೆ 30 ದಿನಕ್ಕೂ ಮೊದಲೇ ಇದನ್ನು ಲಿಖಿತವಾಗಿ ತಿಳಿಸುತ್ತಿದ್ದೇನೆ. ನವೀಕರಣಕ್ಕೆಂದು ನನ್ನ ಖಾತೆಯಿಂದ ಯಾವ ಮೊತ್ತವನ್ನೂ ತೆಗೆಯಬಾರದು, ನಿಮ್ಮ ಕಡೆಯಿಂದಲೂ ಮ್ಯಾಂಡೇಟ್ ರದ್ದುಮಾಡಬೇಕು. ಮಾರ್ಚ್ 11ರವರೆಗೆ ನನಗೆ ಬರಬೇಕಾದ ಒಂದು ಸರ್ವಿಸ್ ಬಾಕಿ ಇದೆ, ಅದನ್ನು ಕೊಡಬೇಕು. ಈ ಪತ್ರ ತಲುಪಿದ್ದಕ್ಕೆ ಉತ್ತರ ಬರೆಯಿರಿ."

ಸೀರಿಯಲ್ ಸಂಖ್ಯೆ ಹುಡುಕಲು ಯಂತ್ರದ ಬದಿಯ ಸ್ಟಿಕ್ಕರಿಗೆ ಟಾರ್ಚ್ ಹಿಡಿಯಬೇಕಾಯಿತು. ಅದನ್ನು ಬರೆಯದೆ ಬಿಡಬಾರದು. ಒಂದೇ ಮೊಬೈಲ್ ಸಂಖ್ಯೆಯಲ್ಲಿ ಎರಡು ಯಂತ್ರ ಇರುವ ಮನೆಗಳಲ್ಲಿ ತಪ್ಪು ಯಂತ್ರದ ಒಪ್ಪಂದ ರದ್ದಾದ ಉದಾಹರಣೆ ನಮ್ಮ ನೆಂಟರಲ್ಲೇ ಇದೆ. ಬಾಕಿ ಸರ್ವಿಸ್ ಬಗೆಗಿನ ಸಾಲೂ ಮುಖ್ಯ. "ನವೀಕರಿಸುವುದಿಲ್ಲ" ಎಂಬುದೂ "ಈಗಲೇ ರದ್ದುಮಾಡಿ" ಎಂಬುದೂ ಬೇರೆ ಬೇರೆ ಮಾತು. ಬರೀ ರದ್ದುಮಾಡಿ ಎಂದು ಬರೆದರೆ ಆ ದಿನವೇ ಒಪ್ಪಂದ ಮುಚ್ಚಿ, ಕಟ್ಟಿದ ಹಣಕ್ಕೆ ಬರಬೇಕಾದ ಸರ್ವಿಸ್‌ಗೂ ಕಲ್ಲು ಬೀಳಬಹುದು.

ಎರಡು ದಿನ ಬಿಟ್ಟು ಸಂದೇಶ ಬಂತು: ಗ್ರಾಹಕರೊಂದಿಗೆ ಮಾತನಾಡಿ ನಿಮ್ಮ ಕೋರಿಕೆ ಪರಿಹರಿಸಲಾಗಿದೆ. ಅಕ್ಕನೊಂದಿಗೆ ಯಾರೂ ಮಾತನಾಡಿರಲಿಲ್ಲ. ಟಿಕೆಟ್ ಮುಚ್ಚುವುದಕ್ಕೂ ಒಪ್ಪಂದ ಮುಚ್ಚುವುದಕ್ಕೂ ಸಂಬಂಧವಿಲ್ಲ ಎಂಬುದು ನಮಗೆ ಗೊತ್ತಾದದ್ದು ಆಗ. ನಾವು ಅದೇ ಮೇಲ್‌ಗೆ ಉತ್ತರವಾಗಿ, ಯಾರೂ ಮಾತನಾಡಿಲ್ಲ, ಒಪ್ಪಂದ ನವೀಕರಣವಾಗುವುದಿಲ್ಲ ಎಂದು ಸ್ಪಷ್ಟವಾಗಿ ಬರೆದು ಕಳಿಸಿ ಎಂದು ಮತ್ತೆ ಬರೆದೆವು. ಈ ಸಲ ಕಂಪನಿಯ ದೂರು ಅಧಿಕಾರಿಯ ವಿಳಾಸವನ್ನೂ ಸೇರಿಸಿದೆವು. ಅಂತರ್ಜಾಲದ ಮೂಲಕ ಮಾರುವ ಕಂಪನಿಗಳು ದೂರು ಅಧಿಕಾರಿಯ ಹೆಸರು ಮತ್ತು ವಿಳಾಸ ಪ್ರಕಟಿಸಬೇಕು, ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳು ಹೇಳುತ್ತವೆ. ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಗ್ರಾಹಕರ ಒಪ್ಪಿಗೆಯನ್ನು ಅವರೇ ಸ್ಪಷ್ಟವಾಗಿ ಸೂಚಿಸಬೇಕು, ಮೊದಲೇ ಟಿಕ್ ಹಾಕಿಟ್ಟ ಚೌಕಗಳಿಂದ ಒಪ್ಪಿಗೆ ಪಡೆಯುವಂತಿಲ್ಲ. ಕಂಪನಿಯ ಆ್ಯಪ್‌ನಲ್ಲೋ ಜಾಲತಾಣದಲ್ಲೋ ಎಎಂಸಿ ಕೊಂಡವರು, ತಾನಾಗಿ ನವೀಕರಣ ಎಂಬ ಚೌಕದಲ್ಲಿ ಮೊದಲೇ ಟಿಕ್ ಇದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು.

ಮೇಲ್‌ನ ಒಂದು ಪ್ರತಿಯನ್ನು ಬಿಲ್‌ನಲ್ಲಿದ್ದ ಕಚೇರಿ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆವು. ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಮುದ್ರಿಸಿ, ರಸೀದಿ ಜತೆ ಬಿಲ್‌ಗೆ ಪಿನ್ ಹೊಡೆದಿಟ್ಟೆ. ಇಷ್ಟೆಲ್ಲ ಯಾಕೆ ಎಂದು ಭಾವ ಕೇಳಿದರು. ಲಿಖಿತವಾಗಿ ಎಂದು ಷರತ್ತು ಹಾಕಿದವರ ಎದುರು "ಫೋನ್‌ನಲ್ಲಿ ಹೇಳಿದ್ದೆವು" ಎಂಬ ಮಾತು ನಿಲ್ಲುವುದಿಲ್ಲ, ಅದಕ್ಕೆ.

ನಾನು ಬೆಂಗಳೂರಿಗೆ ಮರಳಿದ ಮೇಲೆ ಫೋನಿನಲ್ಲಿ ಅಕ್ಕನಿಗೆ, ಆ ಆಟೋಪೇ ತೆಗೆದುಬಿಡು ಎಂದೆ. ಅವಳು ತೆಗೆದೆ ಎಂದಳು. ಫೆಬ್ರುವರಿ 24ರ ಬೆಳಿಗ್ಗೆ ಅವಳಿಂದ ಫೋನ್: "ನಿನ್ನ ಕಾಗದ ಎಲ್ಲಿ ಹೋಯ್ತೋ ಏನೋ, 26ನೇ ತಾರೀಕು 5,192 ರೂಪಾಯಿ ಕಟ್ ಆಗುತ್ತೆ ಅಂತ ಮೆಸೇಜ್ ಬಂದಿದೆ." ಹೊಸ ದರ 4,400, ಜಿಎಸ್‌ಟಿ 792. ಒಪ್ಪಂದ ಮುಗಿಯಲು ಇನ್ನೂ ಎರಡು ವಾರ ಇರುವಾಗಲೇ ಹಣಕ್ಕೆ ಕೈ ಹಾಕಿದ್ದರು. ಮ್ಯಾಂಡೇಟ್ ತೆಗೆದೆ ಅಂದೆಯಲ್ಲ ಎಂದು ಕೇಳಿದರೆ, ಅವಳು ತೆಗೆದಿದ್ದು ಆ್ಯಪ್ ಅನ್ನೇ. ಫೋನಿನಿಂದ ಅಳಿಸಿಹಾಕಿದ್ದಳು.

ಆ್ಯಪ್ ಅಳಿಸಿದರೆ, ಫೋನ್ ಬದಲಿಸಿದರೆ ಮ್ಯಾಂಡೇಟ್ ಹೋಗುವುದಿಲ್ಲ. ಅದು ಇರುವುದು ಬ್ಯಾಂಕಿನಲ್ಲಿ; ಆ್ಯಪ್ ಅದನ್ನು ತೋರಿಸುವ ಕಿಟಕಿ ಮಾತ್ರ. ಖಾತೆಯಲ್ಲಿ ಹಣ ಇಲ್ಲದಂತೆ ಮಾಡುವುದೂ ದಾರಿಯಲ್ಲ, ಮತ್ತೆ ಮತ್ತೆ ಪ್ರಯತ್ನ ನಡೆಯುತ್ತದೆ. ಅದರಲ್ಲೂ ನ್ಯಾಚ್ ಮೂಲಕದ ಅಪ್ಪಣೆಯಾಗಿದ್ದರೆ ಹಣವಿಲ್ಲದೆ ವಾಪಸಾದದ್ದಕ್ಕೆ ಬ್ಯಾಂಕ್ ದಂಡವನ್ನೂ ಹಾಕುತ್ತದೆ. ಅಕ್ಕ ಆ್ಯಪ್ ಮತ್ತೆ ಹಾಕಿಕೊಂಡು, ಅದೇ ಬ್ಯಾಂಕ್ ಖಾತೆ ಜೋಡಿಸಿದಳು. AutoPay ಒಳಗೆ ಕಂಪನಿಯ ಹೆಸರು ಹಾಗೇ ಇತ್ತು. ಅದನ್ನು ಒತ್ತಿದರೆ ತಾತ್ಕಾಲಿಕವಾಗಿ ನಿಲ್ಲಿಸುವ ಗುಂಡಿ ಒಂದು, ಪೂರ್ತಿ ರದ್ದುಮಾಡುವ ಗುಂಡಿ ಒಂದು. ಆ್ಯಪ್‌ನಿಂದ ಆ್ಯಪ್‌ಗೆ ಪದ ಬೇರೆ: ಕೆಲವದರಲ್ಲಿ Revoke, ಕೆಲವದರಲ್ಲಿ Cancel ಅಥವಾ Remove. ನಿಲ್ಲಿಸುವುದನ್ನು ಒತ್ತಿದರೆ ಸಾಲದು, ಅದು ಆಮೇಲೆ ಮತ್ತೆ ಜೀವ ತಾಳುತ್ತದೆ. ರದ್ದುಮಾಡುವುದನ್ನು ಒತ್ತಿದಾಗ ಯುಪಿಐ ಪಿನ್ ಕೇಳಿತು. ಅಕ್ಕ ಅಲ್ಲೇ ಹೆದರಿ ನಿಂತಳು. "ಪಿನ್ ಹಾಕಿದರೆ ದುಡ್ಡು ಹೋಗುತ್ತೆ ಅಂತ ನೀನೇ ಹೇಳಿದ್ದೆ." ಅವಳ ಹೆದರಿಕೆ ಸರಿಯಾದದ್ದೇ. ಆದರೆ ಇಲ್ಲಿ ಅವಳೇ ಆ್ಯಪ್ ತೆರೆದು, ಅವಳೇ ರದ್ದು ಒತ್ತಿ, ಪರದೆಯ ಮೇಲೆ ರದ್ದು ಎಂಬ ಮಾತನ್ನು ಓದಿ ಪಿನ್ ಹಾಕುತ್ತಿದ್ದಾಳೆ. ಯಾರೋ ಫೋನ್ ಮಾಡಿ, ಅವರು ಕಳಿಸಿದ ಕೋರಿಕೆಗೆ ಪಿನ್ ಹಾಕುವುದು ಬೇರೆ. ಹಾಕಿದಳು. ಸ್ವಲ್ಪ ಹೊತ್ತಿಗೆ ಮ್ಯಾಂಡೇಟ್ ರದ್ದಾಗಿದೆ ಎಂದು ಬ್ಯಾಂಕಿನ ಸಂದೇಶ ಬಂತು. ಆ ಪರದೆಯ ಸ್ಕ್ರೀನ್‌ಶಾಟ್ ತೆಗೆಸಿಕೊಂಡೆ. 26ನೇ ತಾರೀಕು ಹಣ ಹೋಗಲಿಲ್ಲ.

ಯುಪಿಐ ಅಲ್ಲದೆ ಕ್ರೆಡಿಟ್ ಕಾರ್ಡ್ ಅಥವಾ ಡೆಬಿಟ್ ಕಾರ್ಡಿನ ಮೇಲೆ ಅಪ್ಪಣೆ ಇದ್ದರೆ, ಅದನ್ನು ಕೊಟ್ಟ ಬ್ಯಾಂಕಿನ ಜಾಲತಾಣ ಅಥವಾ ಆ್ಯಪ್‌ನಲ್ಲಿ ಇ-ಮ್ಯಾಂಡೇಟ್ ಅಥವಾ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂಬ ಜಾಗದಲ್ಲಿ ಪಟ್ಟಿ ಸಿಗುತ್ತದೆ. ಯಾವಾಗ ಬೇಕಾದರೂ ಅದನ್ನು ಹಿಂಪಡೆಯುವ ಸೌಲಭ್ಯವನ್ನು ಬ್ಯಾಂಕ್ ಕೊಡಲೇಬೇಕು, ಅದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಕಡಿತದ ಮುನ್ಸೂಚನೆ ಬಂದ ಮೇಲೂ ಆ ಒಂದು ಕಡಿತವನ್ನೋ ಇಡೀ ಮ್ಯಾಂಡೇಟನ್ನೋ ಬೇಡ ಎನ್ನಬಹುದು. ನಿಧಾನವಾದದ್ದು ನ್ಯಾಚ್. ನೆಟ್‌ಬ್ಯಾಂಕಿಂಗ್‌ನಲ್ಲಿ ರದ್ದು ಸಿಗದಿದ್ದರೆ ಶಾಖೆಗೆ ಹೋಗಿ, ಪಾಸ್‌ಬುಕ್‌ನಲ್ಲಿ ಅಥವಾ ಸ್ಟೇಟ್‌ಮೆಂಟ್‌ನಲ್ಲಿ ಕಾಣುವ ಮ್ಯಾಂಡೇಟ್ ಸಂಖ್ಯೆ ಬರೆದು ಅರ್ಜಿ ಕೊಡಬೇಕು. ಕೆಲವು ಕೆಲಸದ ದಿನ ಹಿಡಿಯುತ್ತದೆ, ಆದ್ದರಿಂದ ಕೊನೆಯ ವಾರಕ್ಕೆ ಬಿಡಬಾರದು. ಅರ್ಜಿಯ ಪ್ರತಿಯ ಮೇಲೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಬೇಕು.

ಹಣದ ದಾರಿ ಮುಚ್ಚಿದ ಮೇಲೆ ಮೂರನೆಯ ಬಾಗಿಲೊಂದು ಉಳಿದಿತ್ತು, ಅದು ಮನೆಯ ಬಾಗಿಲು. ಮಾರ್ಚ್ 5ರಂದು ಬಾಕಿಯಿದ್ದ ಸರ್ವಿಸ್‌ಗೆ ಹುಡುಗ ಬಂದ. ಒಳ್ಳೆಯ ಕೆಲಸಗಾರ, ಸೆಡಿಮೆಂಟ್ ಫಿಲ್ಟರ್ ಬಿಚ್ಚಿ ತೊಳೆದ, ಟ್ಯಾಂಕ್ ಸ್ವಚ್ಛ ಮಾಡಿದ. ಹೊರಡುವಾಗ, "ಮೇಡಂ, ಒಂದು ಓಟಿಪಿ ಬಂದಿರುತ್ತೆ, ಹೇಳಿ" ಎಂದ. ಅಕ್ಕ ಸಂದೇಶ ಓದಿದಳು. ಇಂಗ್ಲಿಷಿನಲ್ಲಿದ್ದ ಸಂದೇಶದಲ್ಲಿ ಎಎಂಸಿ ನವೀಕರಣಕ್ಕೆ ಒಪ್ಪಿಗೆ ಎಂದು ಬರೆದಿತ್ತು. "ಏನಪ್ಪಾ, ಇದು ಸರ್ವಿಸ್ ಮುಗೀತು ಅನ್ನೋ ಓಟಿಪಿ ಅಲ್ಲವಲ್ಲ?" ಎಂದು ಕೇಳಿದಳು. ಅವನು ಸ್ವಲ್ಪ ಮುಜುಗರಪಟ್ಟು, "ಟಾರ್ಗೆಟ್ ಇರುತ್ತೆ ಮೇಡಂ, ಬೇಡ ಅಂದ್ರೆ ಬಿಡಿ" ಎಂದು ಇನ್ನೊಂದು ಓಟಿಪಿ ಕಳಿಸಿದ. ಅದು ಸರ್ವಿಸ್ ಮುಗಿಸಿದ್ದಕ್ಕೆ. ಅದನ್ನು ಹೇಳಿದಳು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ಜನವರಿಯ ಪತ್ರವನ್ನು ಅವಳದೇ ಬಾಯಿಂದ ಬಂದ ಆರು ಅಂಕಿ ಅಳಿಸಿಹಾಕುತ್ತಿತ್ತು. ಓಟಿಪಿ ಯಾವುದಕ್ಕೆ ಎಂಬುದು ಅದೇ ಸಂದೇಶದಲ್ಲಿ ಬರೆದಿರುತ್ತದೆ. ಓದಲು ಬಾರದ ಹಿರಿಯರಿರುವ ಮನೆಯಲ್ಲಿ ಕೊನೆಯ ಸರ್ವಿಸ್ ದಿನ ಓದಬಲ್ಲವರು ಯಾರಾದರೂ ಇರಬೇಕು.

ಆ ದಿನದ ಸರ್ವಿಸ್ ಚೀಟಿಯನ್ನೂ ಇಟ್ಟುಕೊಂಡೆವು. ಮಾರ್ಚ್ 11ರ ಒಳಗೆ ಆದದ್ದು ಹಳೆಯ ಒಪ್ಪಂದದ ಸರ್ವಿಸ್. ಮಾರ್ಚ್ 12ರ ಮೇಲೆ ಬಂದು ಒಂದು ಫಿಲ್ಟರ್ ಬದಲಿಸಿದರೂ ಅದು ಹೊಸ ವರ್ಷದ ಸೇವೆ ಪಡೆದಂತೆ ಎಂದು ಕಂಪನಿ ವಾದಿಸುತ್ತದೆ. ನವೀಕರಣದ ಹಣ ಅಕಸ್ಮಾತ್ ಕಡಿತವಾಗಿಬಿಟ್ಟವರು ಇದನ್ನು ಚೆನ್ನಾಗಿ ನೆನಪಿಡಬೇಕು. ಹಣ ವಾಪಸ್ ಕೇಳುತ್ತಿರುವಾಗ, ಹೇಗೂ ಕಟ್ಟಿದ್ದೇವಲ್ಲ ಎಂದು ಸರ್ವಿಸ್‌ಗೆ ಬಾಗಿಲು ತೆರೆದರೆ ಪೂರ್ತಿ ಹಣ ಕೇಳುವ ನೆಲೆಯೇ ಕುಸಿಯುತ್ತದೆ.

ಹಣ ಹೋಗಿಬಿಟ್ಟರೆ ಯಾರನ್ನು ಕೇಳಬೇಕು ಎಂಬುದು ಒಂದೇ ಒಂದು ವಿಷಯದ ಮೇಲೆ ನಿಂತಿದೆ: ಕಡಿತವಾದ ದಿನ ಮ್ಯಾಂಡೇಟ್ ಜೀವಂತವಾಗಿತ್ತೇ? ಜೀವಂತವಾಗಿದ್ದರೆ ಬ್ಯಾಂಕ್, ನೀವೇ ಕೊಟ್ಟ ಅಪ್ಪಣೆಯಂತೆ ಕೊಟ್ಟಿದ್ದೇವೆ ಎನ್ನುತ್ತದೆ, ಅವರ ಮಾತಲ್ಲಿ ತಪ್ಪಿಲ್ಲ. ಜಗಳ ಕಂಪನಿಯ ಜೊತೆ. ಮ್ಯಾಂಡೇಟ್ ರದ್ದಾದ ಮೇಲೂ ಕಡಿತವಾಗಿದ್ದರೆ ಬ್ಯಾಂಕಿಗೇ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ cms.rbi.org.in ಮೂಲಕ ಉಚಿತವಾಗಿ ಹೋಗಬಹುದು.

ಕಂಪನಿಯ ಜೊತೆಗಿನ ಜಗಳ ನಮಗೂ ಬಂತು. ಮಾರ್ಚ್ 14ರಂದು ಅಕ್ಕನಿಗೆ ಕರೆ: ನಿಮ್ಮ ಎಎಂಸಿ ನವೀಕರಣವಾಗಿದೆ, 5,192 ಬಾಕಿ ಇದೆ. ಅವಳು ಫೋನಿನಲ್ಲಿ ವಾದ ಮಾಡಲಿಲ್ಲ. ಜನವರಿ 16ರ ಮೇಲ್ ನೋಡಿ, ಉತ್ತರ ಬರೆದು ಕಳಿಸಿ ಎಂದು ಇಟ್ಟುಬಿಟ್ಟಳು. ಅದೇ ಸಂಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ದೂರು ಬರೆಸಬಹುದು. ಮೇಲ್‌ನ ದಿನಾಂಕ, ಸ್ಪೀಡ್ ಪೋಸ್ಟ್ ತಲುಪಿದ ದಿನ, ಮ್ಯಾಂಡೇಟ್ ರದ್ದಾದ ದಿನ, ಬಾಕಿ ಕೇಳಿದ ಕರೆಯ ದಿನ, ಈ ನಾಲ್ಕನ್ನು ಕ್ರಮವಾಗಿ ಹೇಳಿದೆ. ಸಹಾಯವಾಣಿ ನ್ಯಾಯಾಲಯವಲ್ಲ. ಅದು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ, ತೀರ್ಪು ಕೊಡಲಾರದು. ಆದರೂ ಕಾಲ್ ಸೆಂಟರಿನ ಗೋಡೆ ದಾಟಿ ಕಂಪನಿಯೊಳಗೆ ಹೊಣೆ ಹೊತ್ತವರ ಮೇಜಿಗೆ ಕಾಗದ ಮುಟ್ಟುವುದು ಬಹಳ ಸಲ ಇದರಿಂದಲೇ.

ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಕೊಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ತಾನಾಗಿ ಮುಂದುವರಿಯುವ ಷರತ್ತೇ ಅನ್ಯಾಯದ ಒಪ್ಪಂದ ಎಂದು ದೂರು ಬರೆದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಅನ್ಯಾಯದ ಒಪ್ಪಂದಗಳ ವಿಚಾರಣೆಯನ್ನು ಕಾಯ್ದೆ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಕೊಟ್ಟಿದೆ. ಐದು ಸಾವಿರದ ವಿಷಯಕ್ಕೆ ಮೈಸೂರಿನವರು ಬೆಂಗಳೂರಿಗೆ ಅಲೆಯಬೇಕಾಗುತ್ತದೆ. ಅದರ ಬದಲು, ಬೇಡವೆಂದು ಸಮಯಕ್ಕೆ ತಿಳಿಸಿದರೂ ಹಣ ಕೇಳಿದ್ದು ಅನುಚಿತ ವ್ಯಾಪಾರ ಪದ್ಧತಿ, ಸೇವೆಯ ಕೊರತೆ ಎಂದು ಬರೆದರೆ ಜಿಲ್ಲಾ ಆಯೋಗವೇ ಕೇಳಬಹುದು. ಅಂತರ್ಜಾಲದಲ್ಲಿ ಕೊಂಡವರಿಗೆ ಇನ್ನೊಂದು ಆಧಾರವೂ ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳೆಂಬ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಚಂದಾ ರದ್ದುಮಾಡುವ ದಾರಿಯನ್ನು ಬಚ್ಚಿಡುವುದು, ಸುತ್ತಿಬಳಸುವುದು, ಅಸಾಧ್ಯ ಮಾಡುವುದು ಅದರಲ್ಲಿ ಒಂದು.

ಏರ್ ಕಂಡೀಷನರ್ ಇರುವವರಿಗೂ ದಾರಿ ಇದೇ. ವ್ಯತ್ಯಾಸ ಇರುವುದು ಬಿಡುವ ಮುನ್ನ ಏನನ್ನು ಪಡೆದುಕೊಳ್ಳಬೇಕು ಎಂಬಲ್ಲಿ. ಎಸಿ ಎಎಂಸಿಯಲ್ಲಿ ಎರಡು ಜಾತಿ: ಬರೀ ತೊಳೆದು ಸ್ವಚ್ಛ ಮಾಡುವುದು ಒಂದು, ಬಿಡಿಭಾಗವೂ ಗ್ಯಾಸೂ ಸೇರಿದ್ದು ಇನ್ನೊಂದು. ಎರಡನೆಯ ಜಾತಿಯದಾದರೆ ಅವಧಿ ಮುಗಿಯುವ ಮೊದಲು ಎಸಿಯನ್ನು ಅರ್ಧ ಗಂಟೆ ಓಡಿಸಿ ನೋಡಬೇಕು. ತಂಪು ಕಡಿಮೆಯಾಗಿದ್ದರೆ, ಒಳಗಿನ ಅಥವಾ ಹೊರಗಿನ ಘಟಕದ ತಾಮ್ರದ ಕೊಳವೆಯ ಮೇಲೆ ಹಿಮ ಕಟ್ಟುತ್ತಿದ್ದರೆ ಆಗಲೇ ದೂರು ದಾಖಲಿಸಬೇಕು. ಗ್ಯಾಸ್ ಸೋರಿಕೆಯನ್ನು ಅವಧಿಯೊಳಗೆ ಬರೆಸಿದರೆ ಅದು ಅವರ ಖರ್ಚು, ಒಂದು ದಿನ ತಡವಾದರೆ ನಮ್ಮದು. ಚಳಿಗಾಲದಲ್ಲಿ ಮುಗಿಯುವ ಒಪ್ಪಂದಗಳಲ್ಲಿ ಇದು ಹೆಚ್ಚು ತಪ್ಪಿಹೋಗುತ್ತದೆ, ಯಾಕೆಂದರೆ ಆಗ ಎಸಿ ಹಾಕುವವರೇ ಇಲ್ಲ. ಎಎಂಸಿ ಬಿಟ್ಟರೆ ಕಂಪ್ರೆಸರ್ ವಾರಂಟಿ ಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ತಯಾರಕರ ಕಂಪ್ರೆಸರ್ ವಾರಂಟಿ ಸಾಮಾನ್ಯವಾಗಿ ಬೇರೆಯೇ ಕಾಗದ, ಎಸಿ ಕೊಂಡಾಗ ಸಿಕ್ಕಿದ ಕಾರ್ಡಿನಲ್ಲಿ ಅದರ ವರ್ಷಗಳೂ ಷರತ್ತುಗಳೂ ಇರುತ್ತವೆ. ಫೋನಿನ ಮಾತು ಕೇಳುವ ಬದಲು ಆ ಕಾರ್ಡ್ ಓದಬೇಕು.

ಇನ್ನೊಂದು ಎಚ್ಚರ. ರದ್ದುಮಾಡಲು ಕಂಪನಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಬೇಡಿ. ಹುಡುಕಾಟದಲ್ಲಿ ಮೊದಲು ಕಾಣುವ ಸಂಖ್ಯೆ ವಂಚಕರದ್ದಾಗಿರಬಹುದು. ಅವರೂ ಸೌಜನ್ಯದಿಂದ ಮಾತನಾಡಿ, ಹಣ ವಾಪಸ್ ಹಾಕುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಪಿನ್ ಒತ್ತಿ ಎನ್ನುತ್ತಾರೆ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಸಂಖ್ಯೆ ಬೇಕಾದರೆ ಬಿಲ್‌ನಲ್ಲಿ, ಯಂತ್ರದ ಸ್ಟಿಕ್ಕರಿನಲ್ಲಿ ಇರುತ್ತದೆ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಮಾರ್ಚ್ 27ರಂದು ಅಕ್ಕನಿಗೆ ಮೇಲ್ ಬಂತು. ನಿಮ್ಮ ಒಪ್ಪಂದ ಮಾರ್ಚ್ 11ಕ್ಕೆ ಮುಕ್ತಾಯವಾಗಿದೆ, ನಿಮ್ಮಿಂದ ಯಾವ ಬಾಕಿಯೂ ಇಲ್ಲ. ನಾವು ಜನವರಿಯಿಂದ ಕೇಳುತ್ತಿದ್ದ ಎರಡು ಸಾಲು. ಅದನ್ನು ಮುದ್ರಿಸಿ ಉಳಿದ ಕಾಗದಗಳ ಜೊತೆ ಪಿನ್ ಹೊಡೆದಳು. ಜೂನ್‌ನಲ್ಲಿ ನೀರು ಸಣ್ಣಗೆ ಬರತೊಡಗಿದಾಗ, ಮಾರ್ಚ್‌ನಲ್ಲಿ ಬಂದಿದ್ದ ಹುಡುಗನ ಕಂಪನಿಗೇ ಫೋನ್ ಮಾಡಿ ಒಂದು ಭೇಟಿಗೆ ಕರೆಸಿದಳು. ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್, ಕೂಲಿ, ತೆರಿಗೆ ಎಲ್ಲ ಸೇರಿ 1,150 ರೂಪಾಯಿ ಆಯಿತು. ಬಿಲ್ ಕೊಡು ಎಂದು ಕೇಳಿ ಪಡೆದುಕೊಂಡು, ಹೊಸ ಫಿಲ್ಟರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹಾಕಿದ ತಾರೀಕನ್ನು ಬರೆದಳು.